ಮುಳ್ಳು ಒಂದೇ, ಓದು ಎರಡು

ಹೆದ್ದಾರಿಯಲ್ಲಿ ಕಾರು ಹೋಗುತ್ತಿದೆ. ಎಡಗಡೆ ಸೀಟಿನಲ್ಲಿ ಕೂತ ಅಮ್ಮ ಮೀಟರಿನತ್ತ ಇಣುಕಿ, "ಎಂಬತ್ತೈದು ದಾಟಿದೆ, ನಿಧಾನ ಹೋಗೋ" ಎನ್ನುತ್ತಾರೆ. ಓಡಿಸುತ್ತಿರುವ ಮಗ, "ಇನ್ನೂ ಎಂಬತ್ತೇ ಆಗಿಲ್ಲಮ್ಮ" ಎನ್ನುತ್ತಾನೆ. ಇಬ್ಬರೂ ನೋಡುತ್ತಿರುವುದು ಒಂದೇ ಮುಳ್ಳನ್ನು, ಒಂದೇ ಕ್ಷಣದಲ್ಲಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮುಳ್ಳಿನ ಮೀಟರು ಇರುವ ಕಾರಿನಲ್ಲಿ ಕೂತವರಿಗೆಲ್ಲ ಈ ಮಾತುಕತೆ ಪರಿಚಿತ.

ಇದರಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ಅದೇ ಕಾರು ಊರೊಳಗಿನ ದಟ್ಟಣೆಗೆ ಬಂದು, ಮುಳ್ಳು ಎಡಕ್ಕೆ ಅಡ್ಡಲಾಗಿ ಮಲಗಿದಾಗ ತಾಯಿ ಮಗನ ಓದು ಒಂದೇ ಆಗಿಬಿಡುತ್ತದೆ. ಮುಳ್ಳು ನೆಟ್ಟಗೆ ಮೇಲಕ್ಕೆ ನಿಂತಿರುವಾಗಲೇ ವ್ಯತ್ಯಾಸ ಅತಿ ಹೆಚ್ಚು. ಮೀಟರೇ ಕೆಟ್ಟಿದ್ದರೆ ಹೀಗೆ ಒಮ್ಮೆ ಕೂಡಿ ಒಮ್ಮೆ ಬೇರೆಯಾಗುವುದಿಲ್ಲ. ಕಾರಣವನ್ನು ಹುಡುಕಬೇಕಾದದ್ದು ಮುಳ್ಳಿಗೂ ಅದರ ಹಿಂದಿನ ಫಲಕಕ್ಕೂ ನಡುವೆ.

ನಡುವಿನ ಜಾಗ

ಮುಳ್ಳು ಫಲಕಕ್ಕೆ ಅಂಟಿಕೊಂಡಿರುವುದಿಲ್ಲ. ಅಂಟಿದರೆ ತಿರುಗುವುದಾದರೂ ಹೇಗೆ? ಅದು ಕೆಲವು ಮಿಲಿಮೀಟರು ಮುಂದೆ, ಗಾಳಿಯಲ್ಲಿ ನಿಂತಿರುತ್ತದೆ. ನಾವು ಓದುವುದು ಮುಳ್ಳಿರುವ ಜಾಗವನ್ನಲ್ಲ, ಕಣ್ಣಿನಿಂದ ಹೊರಟು ಮುಳ್ಳನ್ನು ಸವರಿಕೊಂಡು ಹೋದ ನೇರ ಗೆರೆ ಫಲಕವನ್ನು ಮುಟ್ಟುವ ಜಾಗವನ್ನು. ಕಣ್ಣು ಎದುರಿಗಿದ್ದರೆ ಆ ಗೆರೆ ಮುಳ್ಳಿನ ಬೆನ್ನ ಹಿಂದೆಯೇ ಫಲಕ ಸೇರುತ್ತದೆ. ಕಣ್ಣು ಎಡಕ್ಕಿದ್ದರೆ ಗೆರೆ ಓರೆಯಾಗಿ ಹೋಗಿ ಸ್ವಲ್ಪ ಬಲಕ್ಕೆ ಮುಟ್ಟುತ್ತದೆ. ಮೇಲ್ಮುಖವಾಗಿ ನಿಂತ ಮುಳ್ಳಿಗೆ ಬಲಗಡೆ ಎಂದರೆ ದೊಡ್ಡ ಅಂಕಿಯ ಕಡೆ. ಅದಕ್ಕೇ ಅಮ್ಮನಿಗೆ ವೇಗ ಹೆಚ್ಚಾಗಿ ಕಂಡದ್ದು. ಮುಳ್ಳು ಅಡ್ಡಲಾಗಿ ಮಲಗಿದ್ದಾಗಲೂ ಇದೇ ಪಲ್ಲಟ ನಡೆಯುತ್ತದೆ, ಆದರೆ ಆಗ ಮುಳ್ಳು ತನ್ನ ಉದ್ದದ ದಿಕ್ಕಿನಲ್ಲೇ ಸರಿದಂತೆ ಕಾಣುವುದರಿಂದ ತೋರಿಸುವ ಅಂಕಿ ಬದಲಾಗುವುದಿಲ್ಲ.

ಪಠ್ಯಪುಸ್ತಕಗಳಲ್ಲಿ ಇದು ಪ್ಯಾರಲಾಕ್ಸ್ ದೋಷ. ಈ ಅಧ್ಯಾಯದಲ್ಲಿ ಇದನ್ನು ಓರೆನೋಟದ ದೋಷ ಎನ್ನೋಣ. ಇದರ ಗಾತ್ರವನ್ನು ತೀರ್ಮಾನಿಸುವುದು ಎರಡೇ ಸಂಗತಿ: ಮುಳ್ಳಿಗೂ ಫಲಕಕ್ಕೂ ಇರುವ ಅಂತರ ಮತ್ತು ನೋಟದ ಓರೆ. ಅಂತರ 3 ಮಿ.ಮೀ. ಇದ್ದು, ಎದುರಿಗೂ ಪಕ್ಕಕ್ಕೂ ಸರಿಯಾಗಿ ನಡುವಿನ ಕೋನದಿಂದ ನೋಡಿದರೆ ಮುಳ್ಳು 3 ಮಿ.ಮೀ. ಸರಿದಂತೆ ಕಾಣುತ್ತದೆ. ಅಂತರವನ್ನು ಸೊನ್ನೆ ಮಾಡಿದರೆ ಎಷ್ಟೇ ಓರೆಯಾಗಿ ನೋಡಿದರೂ ದೋಷವಿಲ್ಲ. ಅಳತೆಪಟ್ಟಿಯನ್ನು ಮಲಗಿಸದೆ, ಗೆರೆಗಳಿರುವ ಅಂಚು ಕಾಗದವನ್ನೇ ಮುಟ್ಟುವಂತೆ ನಿಲ್ಲಿಸಿ ಓದಿ ಎಂದು ಮೇಷ್ಟ್ರುಗಳು ಹೇಳುವುದು ಇದಕ್ಕೇ.

ಪ್ರಯೋಗಾಲಯಕ್ಕೆ ತಲೆನೋವಾದ ಇದೇ ಪಲ್ಲಟ ಖಗೋಳಶಾಸ್ತ್ರಕ್ಕೆ ಅಳತೆಗೋಲು. ಭೂಮಿ ಸೂರ್ಯನ ಒಂದು ಬದಿಯಲ್ಲಿದ್ದಾಗ ಮತ್ತು ಆರು ತಿಂಗಳ ಬಳಿಕ ಇನ್ನೊಂದು ಬದಿಯಲ್ಲಿದ್ದಾಗ ಒಂದು ನಕ್ಷತ್ರ ಎಷ್ಟು ಸರಿದಂತೆ ಕಾಣುತ್ತದೆ ಎಂಬುದನ್ನು ಅಳೆದು, ಜರ್ಮನಿಯ ಬೆಸೆಲ್ 1838ರಲ್ಲಿ ಅದರ ದೂರವನ್ನು ಲೆಕ್ಕ ಹಾಕಿದ. ಅವನಿಗೆ ಎರಡು ಕಡೆಯ ನೋಟವೂ ಬೇಕಿತ್ತು. ಮೀಟರು ಓದುವ ನಮಗೆ ಬೇಕಾದದ್ದು ಒಂದೇ ನೋಟ, ಆದರೆ ಅದು ನೇರವಾದದ್ದಾಗಿರಬೇಕು.

ನೇರ ಎಂದು ಗೊತ್ತಾಗುವುದು ಹೇಗೆ?

"ಮೀಟರಿನ ಎದುರಿಗೆ ನಿಂತು ಓದಿ" ಎಂದು ಹೇಳುವುದು ಸುಲಭ. ಎದುರಿಗೇ ಇದ್ದೇವೆ ಎಂದು ನಮಗೆ ಯಾರು ಹೇಳಬೇಕು? ಕಣ್ಣಿಗೆ ತನ್ನ ಓರೆ ತಿಳಿಯುವುದಿಲ್ಲ. ಮುಳ್ಳು ಎಂಬ ಒಂದೇ ಬಿಂದುವನ್ನು ನೋಡುತ್ತಿರುವವರೆಗೆ ಎಲ್ಲ ದಿಕ್ಕಿನ ನೋಟವೂ ನೇರವಾಗಿದ್ದಂತೆಯೇ ಅನಿಸುತ್ತದೆ. ಗೆರೆಯೊಂದರ ದಿಕ್ಕು ಖಚಿತವಾಗಲು ಎರಡು ಬಿಂದು ಬೇಕು. ಓರೆನೋಟವನ್ನು ಗೆಲ್ಲಲು ಮನುಷ್ಯರು ಕಂಡುಕೊಂಡ ಜಾಣತನವೆಲ್ಲ ಇಷ್ಟೇ: ಕಣ್ಣಿಗೆ ಎರಡನೆಯ ಬಿಂದುವನ್ನು ಒದಗಿಸುವುದು.

ಒಳ್ಳೆಯ ಅಮ್ಮೀಟರು, ವೋಲ್ಟ್‌ಮೀಟರುಗಳಲ್ಲಿ ಗೆರೆಗಳ ಕೆಳಗೆ ಬಿಲ್ಲಿನಾಕಾರದ ಕನ್ನಡಿಪಟ್ಟಿ ಇರುತ್ತದೆ. ಅದು ಅಲಂಕಾರ ಎಂದುಕೊಂಡು ಪದವಿ ಮುಗಿಸಿದವರೂ ಇದ್ದಾರೆ. ಕನ್ನಡಿಯ ಮುಂದೆ ಮುಳ್ಳು ಎಷ್ಟು ದೂರವಿದೆಯೋ ಅದರ ಬಿಂಬ ಅಷ್ಟೇ ದೂರ ಹಿಂದೆ ಇರುತ್ತದೆ. ಹಾಗಾಗಿ ಮುಳ್ಳನ್ನೂ ಬಿಂಬವನ್ನೂ ಸೇರಿಸುವ ಗೆರೆ ಯಾವಾಗಲೂ ಫಲಕಕ್ಕೆ ನೆಟ್ಟಗೆ ಲಂಬವಾಗಿರುತ್ತದೆ. ಕಣ್ಣು ಆ ಗೆರೆಯ ಮೇಲೆ ಬಂದಾಗ ಮಾತ್ರ ಬಿಂಬವು ಮುಳ್ಳಿನ ಹಿಂದೆ ಪೂರ್ತಿ ಅಡಗುತ್ತದೆ. ಒಂದು ಕಣ್ಣು ಮುಚ್ಚಿ, ಬಿಂಬ ಮಾಯವಾಗುವವರೆಗೆ ತಲೆಯನ್ನು ಮೆಲ್ಲಗೆ ಸರಿಸಿ, ಆಮೇಲೆ ಅಂಕಿಯನ್ನು ಓದಬೇಕು. ಒಂದು ಕಣ್ಣು ಮುಚ್ಚುವುದು ಏಕೆಂದರೆ ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರು ಅಂತರವಿದೆ. ಎರಡೂ ಒಟ್ಟಿಗೆ ಆ ಒಂದು ಗೆರೆಯ ಮೇಲೆ ನಿಲ್ಲಲಾರವು.

ಬ್ಯುರೆಟ್ಟಿನಲ್ಲಿ ಅಡಗಿದ ಅಂತರ

ಮೀಟರಿನಲ್ಲಿ ಮುಳ್ಳು ಮುಂದೆ, ಗೆರೆ ಹಿಂದೆ. ರಸಾಯನಶಾಸ್ತ್ರದ ಬ್ಯುರೆಟ್ಟಿನಲ್ಲಿ ಇದು ತಿರುಗುಮುರುಗು. ಗೆರೆಗಳು ಗಾಜಿನ ಹೊರಮೈಯಲ್ಲಿವೆ, ಓದಬೇಕಾದ ದ್ರವದ ಮೇಲ್ಮೈ ಒಳಗಿದೆ. ನೀರು ಗಾಜಿಗೆ ಅಂಟಿಕೊಂಡು ಅಂಚಿನಲ್ಲಿ ಏರುವುದರಿಂದ ಮೇಲ್ಮೈ ಬಾಗಿರುತ್ತದೆ, ಅದೇ ಮೆನಿಸ್ಕಸ್. ಅದರ ತೀರ ಕೆಳಗಿನ ಬಿಂದುವನ್ನು ಓದಬೇಕು. ಆ ಬಿಂದು ಇರುವುದು ಕೊಳವೆಯ ನಟ್ಟನಡುವೆ.

50 ಮಿ.ಲೀ. ಬ್ಯುರೆಟ್ಟಿನಲ್ಲಿ ಆ ನಡುಬಿಂದುವಿಗೂ ಎದುರಿನ ಗೆರೆಗೂ ಆರೇಳು ಮಿಲಿಮೀಟರು ಅಂತರವಿರುತ್ತದೆ. ಹಲವು ಮೀಟರುಗಳಲ್ಲಿ ಮುಳ್ಳಿನ ಹಿಂದಿರುವ ಅಂತರಕ್ಕಿಂತ ಇದು ಹೆಚ್ಚು. ಇನ್ನು ಗೆರೆಗಳೋ, 0.1 ಮಿ.ಲೀ.ಗೆ ಒಂದರಂತೆ, ಸುಮಾರು ಒಂದೊಂದು ಮಿಲಿಮೀಟರಿಗೆ ಇವೆ. ಅಂತರ ದೊಡ್ಡದು, ಗೆರೆ ಹತ್ತಿರ. ಓರೆನೋಟಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ.

ದಿಕ್ಕಿನ ವಿಷಯದಲ್ಲೂ ಎಚ್ಚರ ಬೇಕು. ಮೇಲಿನಿಂದ ನೋಡಿದಾಗ ಮೆನಿಸ್ಕಸ್ಸು ನಿಜವಾಗಿ ಇರುವುದಕ್ಕಿಂತ ಮೇಲಿನ ಗೆರೆಯ ಹಿಂದೆ ಕಾಣುತ್ತದೆ. ಅಳತೆಜಾಡಿಯಲ್ಲಿ ಮೇಲಿನ ಗೆರೆ ಎಂದರೆ ದೊಡ್ಡ ಅಂಕಿ. ಬ್ಯುರೆಟ್ಟಿನಲ್ಲಿ ಸೊನ್ನೆ ತುದಿಯಲ್ಲಿದ್ದು ಅಂಕಿಗಳು ಕೆಳಕ್ಕೆ ಬೆಳೆಯುವುದರಿಂದ ಮೇಲಿನ ಗೆರೆ ಎಂದರೆ ಚಿಕ್ಕ ಅಂಕಿ. ಒಂದೇ ತಪ್ಪು ಒಂದರಲ್ಲಿ ಹೆಚ್ಚು ತೋರಿಸುತ್ತದೆ, ಇನ್ನೊಂದರಲ್ಲಿ ಕಡಿಮೆ.

ಒಂದು ಕೊಳವೆಬಾವಿಯ ನೀರು

ಇದರಿಂದ ಏನಾಗುತ್ತದೆ ಎಂಬುದನ್ನು ಒಂದು ಲೆಕ್ಕದಲ್ಲೇ ನೋಡೋಣ. ಕೊಳವೆಬಾವಿಯ ನೀರು ಗಡುಸು, ಸೋಪು ನೊರೆ ಬರುವುದಿಲ್ಲ, ಗೀಸರಿನಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತದೆ ಎಂಬ ದೂರು ಬಯಲುಸೀಮೆಯಲ್ಲಿ ಹೊಸದಲ್ಲ. ಗಡುಸುತನವನ್ನು ಅಳೆಯುವ ಕ್ರಮ ಹೀಗಿದೆ. 50 ಮಿ.ಲೀ. ನೀರನ್ನು ಪಿಪೆಟ್ಟಿನಿಂದ ಫ್ಲಾಸ್ಕಿಗೆ ತೆಗೆದುಕೊಂಡು, ಅಮೋನಿಯಾ ಬಫರ್ ಹಾಕಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕವನ್ನು ಸೇರಿಸುತ್ತಾರೆ. ನೀರು ದ್ರಾಕ್ಷಾರಸದ ಕೆಂಪಾಗುತ್ತದೆ. ಬ್ಯುರೆಟ್ಟಿನಿಂದ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋದರೆ ಅದು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುತ್ತದೆ. ಅವು ಮುಗಿದ ಗಳಿಗೆಯಲ್ಲಿ ಕೆಂಪು ಹೋಗಿ ನೀಲಿ ಬರುತ್ತದೆ. ಸಾಮಾನ್ಯವಾಗಿ ಬಳಸುವ 0.01 ಮೋಲಾರ್ ದ್ರಾವಣದಲ್ಲಿ, ಖರ್ಚಾದ ಪ್ರತಿ ಮಿಲಿಲೀಟರಿಗೆ ಲೀಟರು ನೀರಿನಲ್ಲಿ 20 ಮಿಲಿಗ್ರಾಂ ಗಡುಸುತನ ಎಂದು ಲೆಕ್ಕ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡುಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. 200ಕ್ಕೆ ಬೇಕಾಗುವುದು ಸರಿಯಾಗಿ 10.00 ಮಿ.ಲೀ. ಇಡಿಟಿಎ. ನಮ್ಮ ಬಾವಿಯ ನೀರಿಗೆ ನಿಜವಾಗಿ 10.20 ಮಿ.ಲೀ. ಖರ್ಚಾಗುತ್ತದೆ ಎಂದುಕೊಳ್ಳಿ. ಅಂದರೆ 204, ಮಿತಿಯಿಂದ ಸ್ವಲ್ಪ ಹೊರಗೆ.

ಈಗ ಪ್ರಯೋಗ ಮಾಡುವವಳು ಬ್ಯುರೆಟ್ಟಿನಿಂದ 25 ಸೆಂ.ಮೀ. ದೂರದಲ್ಲಿ ಸ್ಟೂಲಿನ ಮೇಲೆ ಕೂತಿದ್ದಾಳೆ, ಅವಳ ಕಣ್ಣು 5 ಮಿ.ಲೀ. ಗೆರೆಯ ಮಟ್ಟದಲ್ಲಿದೆ. ಕೂತಲ್ಲಿಂದ ಕದಲದೆ ಎರಡೂ ಸಲ ಓದುತ್ತಾಳೆ. ಶುರುವಿನಲ್ಲಿ ಮೆನಿಸ್ಕಸ್ಸು ಅವಳ ಕಣ್ಣಿಗಿಂತ ಸುಮಾರು 5 ಸೆಂ.ಮೀ. ಮೇಲಿದೆ. ಕೆಳಗಿನಿಂದ ನೋಡುವುದರಿಂದ ಅದು ಇರುವುದಕ್ಕಿಂತ ಸುಮಾರು ಒಂದು ಮಿಲಿಮೀಟರು ಕೆಳಗೆ ಕಾಣುತ್ತದೆ. ಅವಳು ಅದನ್ನು ಸೊನ್ನೆಗೆ ಕೂರಿಸುತ್ತಾಳೆ, ಆದರೆ ದ್ರವ ನಿಜವಾಗಿ ಸೊನ್ನೆಗಿಂತ ಒಂದು ಗೆರೆ ಮೇಲಿದೆ. ಕೊನೆಯಲ್ಲಿ ಮೆನಿಸ್ಕಸ್ಸು ಕಣ್ಣಿಗಿಂತ 5 ಸೆಂ.ಮೀ. ಕೆಳಗಿಳಿದಿದೆ. ಈಗ ಮೇಲಿನಿಂದ ನೋಡುವುದರಿಂದ ಅದು ಒಂದು ಗೆರೆ ಮೇಲೆ ಕಾಣುತ್ತದೆ. ನಿಜವಾಗಿ 10.10ರಲ್ಲಿರುವ ದ್ರವವನ್ನು 10.00 ಎಂದು ಓದುತ್ತಾಳೆ. ಅಲ್ಲಿ 0.1, ಇಲ್ಲಿ 0.1, ಒಟ್ಟು 0.2 ಮಿ.ಲೀ. ಮಾಯ. ಫಲಿತಾಂಶ ಲೀಟರಿಗೆ 200 ಮಿಲಿಗ್ರಾಂ, ಮಿತಿಯ ಒಳಗೆ.

ಎರಡು ರೀಡಿಂಗುಗಳ ವ್ಯತ್ಯಾಸವನ್ನು ತಾನೇ ತೆಗೆದುಕೊಳ್ಳುವುದು, ತಪ್ಪು ಎರಡರಲ್ಲೂ ಇದ್ದರೆ ವಜಾ ಆಗುತ್ತದಲ್ಲ ಎಂದು ಹಲವರು ವಾದಿಸುತ್ತಾರೆ. ಎರಡೂ ಸಲ ಒಂದೇ ಕಡೆಯಿಂದ, ಒಂದೇ ಓರೆಯಲ್ಲಿ ನೋಡಿದ್ದರೆ ವಾದ ಸರಿ. ಆದರೆ ಹಾಗಾಗಬೇಕಾದರೆ ದ್ರವ ಇಳಿದಷ್ಟೇ ತಲೆಯೂ ಇಳಿಯಬೇಕು. ತಲೆ ನಿಂತಲ್ಲೇ ನಿಂತಾಗ ಓರೆ ಬುಡಮೇಲಾಗಿ, ಕಳೆಯಬೇಕಾದ ತಪ್ಪುಗಳು ಕೂಡಿಕೊಳ್ಳುತ್ತವೆ. ಖರ್ಚು 20, 25 ಮಿ.ಲೀ. ಇರುವ ಟೈಟ್ರೇಶನ್‌ಗಳಲ್ಲಿ ದ್ರವ ಇನ್ನೂ ಕೆಳಕ್ಕೆ ಹೋಗುವುದರಿಂದ ನಷ್ಟ ಇನ್ನೂ ಹೆಚ್ಚು. ಈ ತಪ್ಪಿನ ಕೆಟ್ಟ ಗುಣ ಎಂದರೆ, ಅದೇ ಸ್ಟೂಲಿನಲ್ಲಿ ಕೂತು ಸೊನ್ನೆಯಿಂದಲೇ ಶುರು ಮಾಡಿ ಮೂರು ಸಲ ಮಾಡಿದರೂ ಮೂರೂ ಸಲ ಅದೇ ಉತ್ತರ ಬರುತ್ತದೆ. ರೀಡಿಂಗುಗಳು ಹೊಂದಿಕೊಂಡವು ಎಂಬ ಸಮಾಧಾನದಲ್ಲಿ ತಪ್ಪು ಗೊತ್ತೇ ಆಗುವುದಿಲ್ಲ.

ಗಾಜಿನ ಕೊಳವೆಗೂ ಎರಡನೆಯ ಬಿಂದು

ಬ್ಯುರೆಟ್ಟಿಗೆ ಕನ್ನಡಿ ಕಟ್ಟಲಾಗದು, ಆದರೆ ಅದೇ ಉಪಾಯ ಇಲ್ಲಿ ಬೇರೆ ರೂಪದಲ್ಲಿದೆ. ಒಳ್ಳೆಯ ಬ್ಯುರೆಟ್ಟುಗಳಲ್ಲಿ ಪ್ರತಿ ಮಿಲಿಲೀಟರಿನ ಉದ್ದ ಗೆರೆ ಕೊಳವೆಯನ್ನು ಹೆಚ್ಚುಕಡಿಮೆ ಪೂರ್ತಿ ಸುತ್ತಿರುತ್ತದೆ. ಕಣ್ಣು ಮೇಲೋ ಕೆಳಗೋ ಇದ್ದರೆ ಆ ಸುತ್ತು ಮೊಟ್ಟೆಯಾಕಾರದಲ್ಲಿ ಬಾಯಿ ತೆರೆದು ಕಾಣುತ್ತದೆ. ಕಣ್ಣು ಅದೇ ಮಟ್ಟಕ್ಕೆ ಬಂದಾಗ ಮುಂದಿನ ಗೆರೆ ಹಿಂದಿನದನ್ನು ಮುಚ್ಚಿ ಒಂದೇ ಅಡ್ಡಗೆರೆಯಾಗುತ್ತದೆ. ಮೆನಿಸ್ಕಸ್ಸಿಗೆ ಹತ್ತಿರದ ಸುತ್ತುಗೆರೆಯನ್ನು ಹೀಗೆ ಮುಚ್ಚಿಸಿಕೊಂಡು, ಅಲ್ಲಿಂದ ಕೊಂಚ ಸರಿದು ಓದಿದರೆ ಸಾಕು.

ಸುತ್ತುಗೆರೆ ಇಲ್ಲದ, ಮುಂದುಗಡೆ ಮಾತ್ರ ಗಿಡ್ಡ ಗೆರೆಗಳಿರುವ ಬ್ಯುರೆಟ್ಟುಗಳೇ ಎಷ್ಟೋ ಕಾಲೇಜುಗಳಲ್ಲಿವೆ. ಅವಕ್ಕೆ ಒಂದು ಕಾಗದದ ಪಟ್ಟಿ ಸಾಕು. ನೇರ ಅಂಚಿನ ಪಟ್ಟಿಯನ್ನು ಕೊಳವೆಗೆ ಸುತ್ತಿ, ಎರಡು ತುದಿಗಳ ಮೇಲಂಚು ಒಂದಕ್ಕೊಂದು ಸರಿಯಾಗಿ ಕೂಡುವಂತೆ ಹಿಡಿದು, ಮೆನಿಸ್ಕಸ್ಸಿನ ಸ್ವಲ್ಪ ಕೆಳಗೆ ಕ್ಲಿಪ್ ಹಾಕಿ. ಪಟ್ಟಿಯ ಮುಂದಿನ ಅಂಚೂ ಹಿಂದಿನ ಅಂಚೂ ಒಂದಾಗಿ ಕಂಡಾಗ ಕಣ್ಣು ಮಟ್ಟದಲ್ಲಿದೆ. ಪಟ್ಟಿಯ ಮೇಲೆ ಕಪ್ಪು ಬಣ್ಣವಿದ್ದರೆ ಮೆನಿಸ್ಕಸ್ಸಿನ ಕೆಳಭಾಗ ಕಪ್ಪಾಗಿ ಎದ್ದು ಕಾಣುವುದು ಇನ್ನೊಂದು ಲಾಭ. ಪಿಯುಸಿಯಲ್ಲಿ ಬಳಸುವ ಪೊಟ್ಯಾಸಿಯಂ ಪರ್ಮಾಂಗನೇಟಿನ ಗಾಢ ನೇರಳೆಯಲ್ಲಿ ಕೆಳಗಿನ ಬಿಂದು ಕಾಣುವುದೇ ಇಲ್ಲ. ಅಲ್ಲಿ ಮೇಲಂಚನ್ನೇ ಓದಬೇಕು, ಮೊದಲೂ ಕೊನೆಗೂ ಮೇಲಂಚನ್ನೇ.

ಗೆರೆಗಳ ನಡುವೆ

ಕಣ್ಣು ಮಟ್ಟಕ್ಕೆ ಬಂತು. ಇನ್ನೊಂದು ಪ್ರಶ್ನೆ ಉಳಿಯಿತು: ಮೆನಿಸ್ಕಸ್ಸು ಎರಡು ಗೆರೆಗಳ ನಡುವೆ ನಿಂತಿದ್ದರೆ ಏನು ಬರೆಯಬೇಕು? ಪಕ್ಕಪಕ್ಕದ ಎರಡು ಗೆರೆಗಳ ನಡುವಿನ ಬೆಲೆ ಆ ಉಪಕರಣದ ಕನಿಷ್ಠ ಅಳತೆ, ಲ್ಯಾಬಿನ ಮಾತಿನಲ್ಲಿ ಲೀಸ್ಟ್ ಕೌಂಟ್. ಬ್ಯುರೆಟ್ಟಿಗೆ ಇದು 0.1 ಮಿ.ಲೀ. ಅಕ್ಕಿಯನ್ನು ಪಾವಿನಲ್ಲಿ ಅಳೆಯುವ ಅಜ್ಜಿಯನ್ನು ನೆನೆಯಿರಿ. "ಮೂರು ಪಾವು, ಮೇಲೆ ಅರ್ಧ" ಎಂದು ಆಕೆ ಧೈರ್ಯವಾಗಿ ಹೇಳುತ್ತಾರೆ. ಪಾವಿನ ಮೇಲೆ ಅರ್ಧದ ಗೆರೆಯಿಲ್ಲದಿದ್ದರೂ ಅರ್ಧ ತುಂಬಿದ್ದು ಕಣ್ಣಿಗೆ ಗೊತ್ತಾಗುತ್ತದೆ. ಪಾವಿನ ನೂರನೇ ಒಂದು ಭಾಗವನ್ನು ಮಾತ್ರ ಆಕೆ ಎಂದೂ ಹೇಳುವುದಿಲ್ಲ.

ಬ್ಯುರೆಟ್ಟಿನಲ್ಲೂ ಅಷ್ಟೇ. ಗೆರೆ ತೋರಿಸುವ ಅಂಕಿಗಳು ಖಚಿತ, ಅದರ ಮುಂದಿನ ಒಂದು ಅಂಕಿ ಕಣ್ಣಂದಾಜು. ಹತ್ತು ದಶಮಾಂಶ ಎರಡರ ಗೆರೆಗೂ ಮೂರರ ಗೆರೆಗೂ ಸರಿಯಾಗಿ ನಡುವೆ ಇದ್ದರೆ 10.25. ಅಭ್ಯಾಸವಾದ ಕಣ್ಣು ನಡುವಿನ ಜಾಗವನ್ನು ಐದು ಪಾಲು ಮಾಡಿ 0.02ರವರೆಗೆ ಹೇಳಬಲ್ಲದು. ಅದಕ್ಕಿಂತ ಮುಂದೆ ಹೋಗುವುದರಲ್ಲಿ ನನಗೆ ನಂಬಿಕೆಯಿಲ್ಲ. ಒಂದು ಮಿಲಿಮೀಟರಿನ ಜಾಗದಲ್ಲಿ ಗೆರೆಯ ದಪ್ಪವೇ ಕಾಣುವಷ್ಟು ಪಾಲು ತಿನ್ನುತ್ತದೆ. ಮೆನಿಸ್ಕಸ್ಸು ಗೆರೆಯ ಮೇಲೇ ಕೂತಿದ್ದರೆ 10.2 ಎಂದು ಬರೆದು ಬಿಡಬಾರದು, 10.20 ಎನ್ನಬೇಕು. ಆ ಸೊನ್ನೆಯೂ ನೋಡಿ ಬರೆದ ಅಂಕಿ: ಮುಂದಿನ ಸ್ಥಾನವನ್ನು ಗಮನಿಸಿದೆ, ಅಲ್ಲಿ ಏನೂ ಇರಲಿಲ್ಲ ಎಂದು ಅದು ಹೇಳುತ್ತದೆ.

ಕನಿಷ್ಠ ಅಳತೆ ಚಿಕ್ಕದಿದ್ದ ಮಾತ್ರಕ್ಕೆ ಉಪಕರಣ ನಿಖರವಾಗಿದೆ ಎಂದಲ್ಲ. ಗೆರೆಗಳೇ ಎಷ್ಟು ಸರಿಯಾದ ಜಾಗದಲ್ಲಿವೆ ಎಂಬುದು ಬೇರೆ ಮಾತು, ಅದನ್ನು ತಯಾರಕರು ಉಪಕರಣದ ಮೇಲೇ ನಮೂದಿಸಿರುತ್ತಾರೆ. ಎ ದರ್ಜೆಯ 50 ಮಿ.ಲೀ. ಬ್ಯುರೆಟ್ಟು 0.05 ಮಿ.ಲೀ. ಹೆಚ್ಚುಕಡಿಮೆಯಾಗಬಹುದು, ಬಿ ದರ್ಜೆಯದು 0.1. ಮೀಟರಿನ ಮೂಲೆಯಲ್ಲಿ 1.5 ಎಂಬ ಅಂಕಿಯಿದ್ದರೆ, ಪೂರ್ಣ ಅಳತೆಯ ಶೇಕಡಾ ಒಂದೂವರೆಯಷ್ಟು ತಪ್ಪು ಎಲ್ಲಿ ಬೇಕಾದರೂ ಇರಬಹುದು ಎಂದರ್ಥ. 10 ವೋಲ್ಟಿನ ಅಂಥ ಮೀಟರಿನಲ್ಲಿ ಅದು 0.15 ವೋಲ್ಟು. ಮುಳ್ಳು 9ರ ಬಳಿ ಇದ್ದಾಗ ಇದು ಚಿಲ್ಲರೆ. 1ರ ಬಳಿ ಇದ್ದಾಗ ಓದಿನ ಶೇಕಡಾ ಹದಿನೈದು. ಮುಳ್ಳು ಫಲಕದ ಮೇಲರ್ಧಕ್ಕೆ ಬರುವಂಥ ಮೀಟರನ್ನೇ ಆರಿಸಿಕೊಳ್ಳಬೇಕು ಎನ್ನುವುದು ಇದಕ್ಕಾಗಿ.

ಹಾಳೆಯ ಮೇಲೆ

ಮತ್ತೆ ಅದೇ ನೀರಿಗೆ ಬರೋಣ. ಈ ಸಲ ನಮ್ಮ ಹುಡುಗಿ ಎದ್ದು, ಬಗ್ಗಿ, ಕಾಗದದ ಪಟ್ಟಿಯನ್ನು ದ್ರವದ ಜೊತೆಗೆ ಸರಿಸುತ್ತ ಓದಿದಳು. ಮೊದಲ ಸಲ 0.00ಯಿಂದ 10.20ಕ್ಕೆ, ಎರಡನೆಯದು ಅಲ್ಲಿಂದ 20.38ಕ್ಕೆ, ಮೂರನೆಯದು 30.62ಕ್ಕೆ. ಖರ್ಚು 10.20, 10.18, 10.24.

ಅವಳು ಶುರುವಿನ ಮತ್ತು ಕೊನೆಯ ರೀಡಿಂಗ್ ಎರಡನ್ನೂ, ನೋಡಿದ ಕೂಡಲೇ, ಪೆನ್ನಿನಲ್ಲಿ ಬರೆದುಕೊಂಡಳು. ಮನಸ್ಸಿನಲ್ಲೇ ಕಳೆದು 10.18 ಎಂದಷ್ಟೇ ಬರೆದಿದ್ದರೆ, ಕಳೆಯುವುದರಲ್ಲಿ ತಪ್ಪಿದರೆ ಮತ್ತೆ ಹುಡುಕಲು ದಾರಿಯಿರುತ್ತಿರಲಿಲ್ಲ. ಮೂರು ಉತ್ತರಗಳು ತುಸು ಬೇರೆಯಾಗಿರುವುದು ಕೊರತೆಯಲ್ಲ. ಕೊನೆಯ ಅಂಕಿ ಕಣ್ಣಂದಾಜು, ಜೊತೆಗೆ ಬಣ್ಣ ಬದಲಾಗುವುದು ಒಂದು ಹನಿಯಿಂದ, ಒಂದು ಹನಿ ಎಂದರೆ ಸುಮಾರು 0.05 ಮಿ.ಲೀ. ಇಷ್ಟು ಅಲುಗಾಟ ಇರಲೇಬೇಕು. ಮೂರೂ ಸಾಲಿನಲ್ಲಿ 10.20, 10.20, 10.20 ಎಂದಿದ್ದರೆ ನಾನು ಆ ಹಾಳೆಯನ್ನು ಅನುಮಾನದಿಂದಲೇ ನೋಡುತ್ತೇನೆ.

ಸರಾಸರಿಯನ್ನು 20ರಿಂದ ಗುಣಿಸಿದಾಗ ಕ್ಯಾಲ್ಕುಲೇಟರು 204.13333 ಎಂದು ತೋರಿಸುತ್ತದೆ. ಒಂದು ಹನಿಯ ಬೆಲೆಯೇ ಲೀಟರಿಗೆ 1 ಮಿಲಿಗ್ರಾಂ ಆಗಿರುವಾಗ ದಶಮಾಂಶದ ಆಚೆಗಿನ ಅಂಕಿಗಳಿಗೆ ಯಾವ ಆಧಾರವೂ ಇಲ್ಲ. ಅವನ್ನು ಬಿಟ್ಟು 204 ಎಂದು ಬರೆಯಬೇಕು. ಬಿ ದರ್ಜೆಯ ಬ್ಯುರೆಟ್ಟಾದರೆ ಗಾಜಿನ ಗೆರೆಗಳಿಂದಲೇ 2 ಮಿಲಿಗ್ರಾಂ ಹೆಚ್ಚುಕಡಿಮೆಯಾಗಬಹುದು, ಅದನ್ನೂ ಜೊತೆಗೆ ನಮೂದಿಸಬೇಕು. ಅಷ್ಟು ಕಳೆದರೂ 202, ಮಿತಿಯ ಹೊರಗೇ. ಸ್ಟೂಲಿನಿಂದ ಏಳದೆ ಓದಿದಾಗ ಕಳೆದುಹೋದ 4 ಮಿಲಿಗ್ರಾಂ ಈ ಹೆಚ್ಚುಕಡಿಮೆಗಿಂತ ದೊಡ್ಡದು.

ಪ್ರಾಯೋಗಿಕ ಪರೀಕ್ಷೆಗೆ ಅಂಕ ಕೊಡುವ ಅಧ್ಯಾಪಕರಲ್ಲಿ ಒಂದು ಮನವಿ. ಮೂರು ರೀಡಿಂಗುಗಳು ಕೂದಲೆಳೆಯಷ್ಟೂ ತಪ್ಪದೆ ಒಂದೇ ಆಗಿರಬೇಕೆಂದು ಒತ್ತಾಯಿಸಬೇಡಿ. 10.18 ಕಂಡದ್ದನ್ನು 10.18 ಎಂದೇ ಬರೆದ ವಿದ್ಯಾರ್ಥಿಗೆ ಪೂರ್ತಿ ಅಂಕ ಕೊಡಿ.